ಮೌರ್ಯರನ್ನು ಕೈಬಿಟ್ಟ ವರ್ಷ

ನಾನು ಮುಲ್ಕಿ ಪರೀಕ್ಷೆಗೆ ಕೂತಾಗ ನನಗೆ ಇಪ್ಪತ್ತೊಂದು ವರ್ಷ. ಏಳನೆಯ ಇಯತ್ತೆ ಮುಗಿಸಿದ ಹುಡುಗರು ಕೊಡುವ ಪರೀಕ್ಷೆ ಅದು. ಪಾಸಾದವರಿಗೆ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಸಿಗುತ್ತಿತ್ತು. ನನ್ನ ಓದು ತವರೂರು ಹುಕ್ಕೇರಿಯಲ್ಲಿ ಆರನೆಯ ಇಯತ್ತೆಗೆ ನಿಂತಿತ್ತು. ಮದುವೆಯಾಗಿ ಗೋಕಾಕಕ್ಕೆ ಬಂದು, ಆರು ವರ್ಷ ರೊಟ್ಟಿ ಬಡಿದಿದ್ದೆ. ನನ್ನ ಗಂಡ ಮೂಡಲಗಿಯಲ್ಲಿ ಮಾಸ್ತರರು. ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಕಲಿಸುವ ಹೆಂಗಸು ಸಿಗದೆ ಒಬ್ಬ ಮುದುಕ ಮಾಸ್ತರರನ್ನು ಕೂರಿಸಿದ್ದರು, ಅವರು ಮಧ್ಯಾಹ್ನದ ಮೇಲೆ ನಿದ್ದೆ ಹೋಗುತ್ತಿದ್ದರು. ಅದನ್ನು ನೋಡಿ ನೋಡಿ ಒಂದು ಶನಿವಾರ ನನ್ನ ಗಂಡ ಮನೆಗೆ ಬಂದವರೇ, ಸೈಕಲ್ಲು ಗೋಡೆಗೆ ಒರಗಿಸುವ ಮೊದಲೇ, "ನೀ ಮುಲ್ಕಿ ಕಟ್ಟು" ಎಂದರು.

ನಾನು ಒಲ್ಲೆ ಎನ್ನಲಿಲ್ಲ. ರೊಟ್ಟಿ ಬಡಿಯುವುದಕ್ಕಿಂತ ಅದು ಹಗುರವಿದ್ದೀತು ಅನ್ನಿಸಿತ್ತು.

ನನ್ನ ಜೊತೆ ಓದಲು ಮನೆಯಲ್ಲೇ ಒಬ್ಬ ಅನುಭವಸ್ಥನಿದ್ದ. ನನ್ನ ಮೈದುನ. ನನಗಿಂತ ಎರಡು ವರ್ಷ ಚಿಕ್ಕವನು, ಗೋಕಾಕದಲ್ಲಿ ಎರಡು ಸಲ ಇದೇ ಪರೀಕ್ಷೆ ಕೊಟ್ಟು ಎರಡು ಸಲವೂ ನಪಾಸಾಗಿದ್ದ. ಅದರ ಬಗ್ಗೆ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಕಾಶಿಗೆ ಎರಡು ಸಲ ಹೋಗಿ ಬಂದವರು ಮಾತಾಡುವ ಹಾಗೆ ಮಾತಾಡುತ್ತಿದ್ದ. ಶಾಲೆ ಬಿಟ್ಟವರೂ ಅರ್ಜಿ ಹಾಕಿ ಕೂರಬಹುದಿತ್ತು, ನಾನು ಓದಿದ ಹುಕ್ಕೇರಿಯಿಂದ ಹಾಕುವವಳಿದ್ದೆ. ಈ ಸಲ ತಾನೂ ಹುಕ್ಕೇರಿಯಿಂದಲೇ ಅರ್ಜಿ ಹಾಕುತ್ತೇನೆಂದ. ಯಾಕೆಂದು ಕೇಳಿದರೆ, "ಗಾಳಿ ಬದಲಿ ಆಗ್ಲಿ ವೈನಿ. ಇಲ್ಲಿಯ ಗಾಳಿ ನನಗ ಒಗ್ಗವಲ್ದು" ಎಂದ.

ಲೆಕ್ಕ, ಕನ್ನಡ, ಇತಿಹಾಸ-ಭೂಗೋಲ ಎಂದು ಪತ್ರಿಕೆಗಳು. ನನ್ನನ್ನು ಹೆದರಿಸಿದ್ದು ಇತಿಹಾಸ-ಭೂಗೋಲ. ಪುಸ್ತಕ ದಪ್ಪ, ಅಕ್ಷರ ಸಣ್ಣ, ಅರಸರು ಬಹಳ. ನನ್ನ ಗಂಡ ಶನಿವಾರ ಸಂಜೆ ಬಂದು ರವಿವಾರವಿಡೀ ಕಲಿಸಿ ಸೋಮವಾರ ಬೆಳಿಗ್ಗೆ ಹೋಗುವವರು. ಅವರ ಪ್ರಕಾರ ಓದು ಎಂದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಒಂದು ಸಾಲೂ ಜಾರದಂತೆ. ಆರ್ಯರು ಹಿಂದೂಸ್ಥಾನಕ್ಕೆ ಬಂದ ಪಾಠ ಶುರು ಮಾಡಿದಾಗ ಹೊಲದಲ್ಲಿ ಜೋಳ ಮೊಳಕೆ ಒಡೆದಿತ್ತು. ಜೋಳ ತೆನೆಗಟ್ಟುವ ಹೊತ್ತಿಗೂ ಆರ್ಯರು ಇನ್ನೂ ಬರುತ್ತಲೇ ಇದ್ದರು.

"ಅಣ್ಣನ ಲೆಕ್ಕಕ್ಕ ಹೋದ್ರ ನಾವು ಇಂಗ್ಲಿಷರ ಕಾಲಕ್ಕ ಮುಟ್ಟೋದ್ರಾಗ ಇಂಗ್ಲಿಷರೇ ತಮ್ಮ ಊರಿಗೆ ಹೋಗಿರ್ತಾರ" ಎಂದ ಮೈದುನ.

ಆಮೇಲೆ ತನ್ನ ಯುಕ್ತಿ ಹೇಳಿದ. ಪ್ರಶ್ನೆಪತ್ರಿಕೆಯಲ್ಲಿ 'ಅಥವಾ' ಎಂದು ಇರುತ್ತದೆ. ಇದನ್ನು ಬರಿ, ಇಲ್ಲವೇ ಅದನ್ನು ಬರಿ. ಹೀಗೆ ಆರಿಸಿಕೊಳ್ಳಲು ಬಿಟ್ಟ ಮೇಲೆ ಎಲ್ಲ ಓದುವವನು ಮಬ್ಬ. ಆದ್ದರಿಂದ ಅವನು ಎರಡೂ ಸಲ ಇತಿಹಾಸ ಪೂರ್ತಿ ಓದಿ ಭೂಗೋಲವನ್ನು ಪೂರ್ತಿ ಬಿಟ್ಟಿದ್ದ.

"ಮತ್ತ ಯಾಕ ನಪಾಸಾದಿ?"

"ಅದನ್ನ ತಪಾಸಣಿ ಮಾಡೋರಿಗೆ ಕೇಳಬೇಕ್ರಿ ವೈನಿ."

ತಪಾಸಣೆ ಮಾಡುವವರು ಸಿಗುವ ಹಾಗಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಾದರೂ ಇವೆಯೇ ಎಂದು ಕೇಳಿದೆ. ಒಂದು ಅವನ ಟ್ರಂಕಿನ ತಳಕ್ಕೆ ಹಾಸಿತ್ತು, ಇನ್ನೊಂದು ಪುಸ್ತಕದ ರಟ್ಟಿನೊಳಗಿತ್ತು. ಎರಡನ್ನೂ ಕೈಯಿಂದ ತೀಡಿ ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಕೂತೆ. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

ಐದು ಪ್ರಶ್ನೆ. ಒಂದೊಂದಕ್ಕೆ ಇಪ್ಪತ್ತು ಗುಣ. ಐದನ್ನೂ ಬರೆಯಲೇಬೇಕು. ಮೊದಲನೆಯದು ಹಳೆಯ ಕಾಲದ ಅರಸರ ಮೇಲೆ: ಗುಪ್ತರು ಅಥವಾ ರಾಷ್ಟ್ರಕೂಟರು. ಎರಡನೆಯದು ನಡುಗಾಲ: ಮೊಗಲರು ಅಥವಾ ವಿಜಯನಗರ. ಮೂರನೆಯದು ಇಂಗ್ಲಿಷರ ಕಾಲ. ನಾಲ್ಕನೆಯದು ಭೂಗೋಲ: ಬೆಳೆಗಳು ಅಥವಾ ಕೈಗಾರಿಕೆ. ಐದನೆಯದು ನಕಾಶೆ. ಅದಕ್ಕೆ 'ಅಥವಾ' ಇರಲೇ ಇಲ್ಲ. ಇನ್ನೊಂದು ವರ್ಷದ ಪತ್ರಿಕೆಯಲ್ಲಿಯೂ ಇದೇ ಕಟ್ಟು, ಪಾಠಗಳು ಮಾತ್ರ ಬೇರೆ.

ನೋಡುತ್ತ ನೋಡುತ್ತ ನನಗೆ ನಗು ಬಂತು. 'ಅಥವಾ' ಎಂಬುದು ಒಂದೇ ಗೂಟಕ್ಕೆ ಎರಡು ಕರು ಕಟ್ಟಿದ ಹಾಗೆ ಇತ್ತು. ಎರಡರಲ್ಲಿ ಯಾವುದನ್ನಾದರೂ ಬಿಚ್ಚಿಕೊಂಡು ಹೋಗು, ಆದರೆ ಗೂಟ ಅದೇ. ಇತಿಹಾಸ ಕೊಟ್ಟು ಭೂಗೋಲ ಬಿಡುವ ದಾರಿ ಅಲ್ಲಿರಲೇ ಇಲ್ಲ. ಮೈದುನ ಭೂಗೋಲ ಬಿಟ್ಟಾಗ ನಾಲ್ಕನೆಯದು, ನಕಾಶೆ ಎರಡೂ ಸೇರಿ ನಲವತ್ತು ಗುಣ ಕೈಬಿಟ್ಟಿದ್ದ. ಉಳಿದ ಅರವತ್ತರಲ್ಲಿ ಅರ್ಧ ಬಂದರೂ ಮೂವತ್ತು. ಪಾಸಿಗೆ ಮೂವತ್ತೈದು ಬೇಕು.

ಇದನ್ನು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಪತ್ರಿಕೆ ನೋಡಿದ. ಎರಡು ವರ್ಷ ಅದನ್ನು ಟ್ರಂಕಿಗೆ ಹಾಸಿ ಮೇಲೆ ಅಂಗಿ ಮಡಚಿಟ್ಟವನು.

"ಅಂದ್ರ ನಾ ಕೂಡೂಕಿಂತ ಮೊದಲ ನಪಾಸಾಗಿದ್ದೆ ಅನ್ರಿ."

"ಹೌದು."

"ಹಂಗಿದ್ರ ಓದೂದು ತಪ್ಪತಿತ್ತು" ಎಂದ, ಬಹಳ ನೊಂದು.

ಈಗ ಎಷ್ಟು ಓದಬೇಕು, ಎಷ್ಟು ಬಿಡಬಹುದು ಎಂಬುದು ಉಳಿಯಿತು. ಆರ್ಯರು ಬಂದದ್ದು ಬರೀ ಪೀಠಿಕೆ, ಅದನ್ನು ಬಿಟ್ಟರೆ ಪುಸ್ತಕದಲ್ಲಿ ಒಂದೊಂದು ಭಾಗಕ್ಕೆ ನಾಲ್ಕು ನಾಲ್ಕು ಪಾಠ. ಪರೀಕ್ಷೆಯಲ್ಲಿ ಅವುಗಳಲ್ಲಿ ಎರಡು ಬರುತ್ತವೆ, ಎರಡರಲ್ಲಿ ಒಂದು ಬರೆಯಬೇಕು. ಮೈದುನ ಹೇಳಿದ, ಹಾಗಾದರೆ ಅರ್ಧ ಓದಿದರೆ ಸಾಕು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಬಿಟ್ಟ ಎರಡೇ ಜೋಡಿಯಾಗಿ ಬಂದರೆ?

ನಾಲ್ಕು ಪಾತ್ರೆಗಳ ಮುಚ್ಚಳ ತೆಗೆದು ನೆಲಕ್ಕೆ ಸಾಲಾಗಿ ಇಟ್ಟೆ. ಎರಡನ್ನು ಬೋರಲು ಹಾಕಿ, ಇವು ಓದದೇ ಬಿಟ್ಟವು ಎಂದೆ. "ಈಗ ನೀ ಪ್ರಶ್ನೆ ತಗಿಯೋನು. ಯಾವರೇ ಎರಡು ಎತ್ತು." ಅವನು ಹುಡುಕಿ ಹುಡುಕಿ ಆ ಬೋರಲಾದ ಎರಡನ್ನೇ ಎತ್ತಿದ. ಆಮೇಲೆ ಒಂದನ್ನು ಮಾತ್ರ ಬೋರಲು ಹಾಕಿದೆ. ಅವನು ಎಷ್ಟು ಸಲ ಎತ್ತಿದರೂ, ಹೇಗೆ ಎತ್ತಿದರೂ, ಓದಿದ ಒಂದಾದರೂ ಕೈಗೆ ಬರುತ್ತಿತ್ತು. ಒಂದನ್ನು ಬಿಟ್ಟರೆ ಯಾರಪ್ಪನ ಭಯವೂ ಇಲ್ಲ. ಎರಡು ಬಿಟ್ಟರೆ ದೇವರೇ ಗತಿ.

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಅಕ್ಷರ ಬಾರದವರು, ಆದರೆ ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು.

"ಮುಚ್ಚಳಾ ಯಾಕ ನೆಲಕ್ಕ ಹಾಕೀರಿ?"

"ಇತಿಹಾಸ ಓದಾಕತ್ತೇವಿ ಯವ್ವಾ" ಎಂದ ಮೈದುನ.

ಅತ್ತೆ ಬಗ್ಗಿ ಒಂದು ಮುಚ್ಚಳ ಎತ್ತಿ ಬೇಳೆಗೆ ಮುಚ್ಚಿದರು. "ಇದೊಂದು ಬಿಟ್ಟು ಓದ್ರಿ" ಎಂದು ಹೊರಗೆ ಹೋದರು.

ಮೂರು ಪಾಠಗಳನ್ನೂ ಬಾಯಿಪಾಠ ಮಾಡುವ ತಾಳ್ಮೆ ನಮಗಿಬ್ಬರಿಗೂ ಇರಲಿಲ್ಲ. ಆದ್ದರಿಂದ ಒಪ್ಪಂದಕ್ಕೆ ಬಂದೆವು. ಪ್ರತಿ ಭಾಗದಲ್ಲಿ ಎರಡು ಪಾಠ ಗಟ್ಟಿ, ಕೇಳಿದ್ದಕ್ಕೆ ನಿದ್ದೆಯಲ್ಲೂ ಹೇಳುವಷ್ಟು. ಒಂದರ ಮೇಲೆ ಸುಮ್ಮನೆ ಕಣ್ಣಾಡಿಸುವುದು, ನಾಲ್ಕು ಮುಖ್ಯ ಮಾತು ನೆನಪಿದ್ದರೆ ಸಾಕು. ಒಂದನ್ನು ಪೂರ್ತಿ ಬಿಡುವುದು. ಬಹಳ ಕೆಟ್ಟದಾಗಿ ಬಂದರೆ ಬಿಟ್ಟದ್ದೂ ಕಣ್ಣಾಡಿಸಿದ್ದೂ ಜೋಡಿಯಾಗಿ ಬರುತ್ತವೆ. ಆಗ ಕಣ್ಣಾಡಿಸಿದ್ದನ್ನು ಎಳೆದು ಎಳೆದು ಬರೆದರೆ ಏಳೆಂಟು ಗುಣ ಎಲ್ಲೂ ಹೋಗವು. ನಕಾಶೆ ಮಾತ್ರ ಇಬ್ಬರೂ ದಿನಾ ತೆಗೆಯುವುದು, ಅದಕ್ಕೆ ರಿಯಾಯಿತಿ ಇಲ್ಲ.

ಯಾರನ್ನು ಬಿಡಬೇಕೆಂಬುದಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ದೊಡ್ಡ ದೊಡ್ಡ ರಾಜ್ಯಗಳು ನಮ್ಮ ಅಡುಗೆಮನೆಯಲ್ಲಿ ಬಿದ್ದವು. ಮೌರ್ಯರನ್ನು ಬಿಟ್ಟೆವು, ಅವರ ಪಾಠ ಒಂಬತ್ತು ಪುಟವಿತ್ತು. ಚಾಲುಕ್ಯರನ್ನು ಬಿಡುವುದು ಬೇಡ, ಬಾದಾಮಿ ನಮ್ಮ ಕಡೆಯದು ಎಂದೆ ನಾನು. ರಾಷ್ಟ್ರಕೂಟರಿಗೆ ಕಣ್ಣಾಡಿಸುವ ಭಾಗ್ಯ ಬಂತು. ದಿಲ್ಲಿಯ ಸುಲ್ತಾನರಲ್ಲಿ ಒಬ್ಬನನ್ನೊಬ್ಬ ಕೊಂದವರ ಹೆಸರು ಕಲಸಿಹೋಗುತ್ತವೆಂದು ಎಲ್ಲರನ್ನೂ ಒಟ್ಟಿಗೆ ಬಿಟ್ಟೆವು. ಇಂಗ್ಲಿಷರ ಭಾಗದಲ್ಲಿ 'ಇಂಗ್ಲಿಷರ ರಾಜ್ಯಭಾರದಿಂದಾದ ಲಾಭಗಳು' ಎಂಬ ಪಾಠವಿತ್ತು. ಮೈದುನ ಎದೆ ಸೆಟೆಸಿ, ದೇಶಾಭಿಮಾನ ಇದ್ದವರು ಅದನ್ನು ಓದಬಾರದು ಎಂದ. ನಾನೂ ಒಪ್ಪಿದೆ. ಲಾಭಗಳು ಹನ್ನೊಂದಿದ್ದವು, ಹನ್ನೊಂದನ್ನೂ ಅನುಕ್ರಮವಾಗಿ ನೆನಪಿಡಬೇಕಿತ್ತು. ಮೂರೇ ಇದ್ದಿದ್ದರೆ ನಮ್ಮ ದೇಶಾಭಿಮಾನ ಎಷ್ಟು ಗಟ್ಟಿ ಉಳಿಯುತ್ತಿತ್ತೋ ಹೇಳಲಾರೆ. ಭೂಗೋಲದಲ್ಲಿ ಹವಾಮಾನ ಬಿಟ್ಟು, ಕೈಗಾರಿಕೆಯ ಮೇಲೆ ಕಣ್ಣಾಡಿಸಿ, ಬೆಳೆ ಮತ್ತು ಸಂಚಾರ ಸಾಧನಗಳನ್ನು ಗಟ್ಟಿ ಮಾಡುವುದೆಂದಾಯಿತು.

ಪುಸ್ತಕದಲ್ಲಿ ಪಾಠಗಳ ಹೆಸರಿನ ಬಾಜೂಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದೆ. ಗಟ್ಟಿಯಾದದ್ದಕ್ಕೆ ಗೀಟು, ಕಣ್ಣಾಡಿಸುವುದಕ್ಕೆ ಚುಕ್ಕೆ, ಬಿಟ್ಟದ್ದಕ್ಕೆ ಕಾಟು. ಅಳಿಸಬೇಕೆಂದು ಹೊಳೆಯಲಿಲ್ಲ. ರವಿವಾರ ನನ್ನ ಗಂಡ ಪುಸ್ತಕ ತೆರೆದವರು ಹಾಗೇ ನಿಂತರು.

"ಇದೇನು, ಮೌರ್ಯರ ಮ್ಯಾಲ ಕಾಟು?"

"ಬಿಟ್ಟದ್ದರಿ ಅದು."

"ಬಿಟ್ಟದ್ದಂದ್ರ?"

"ಓದಂಗಿಲ್ಲರಿ."

ಅವರು ಕೂತರು. ಇಡೀ ಹಿಂದೂಸ್ಥಾನವನ್ನು ಮೊದಲ ಸಲ ಒಂದು ಮಾಡಿದವರು, ಅವರನ್ನು ನೀನು ಬಿಡುವುದೇ ಎಂದರು. ನಾನು ಅವರಿಗೆ ಗೂಟ, ಕರು, ಮುಚ್ಚಳ ಎಲ್ಲ ವಿವರಿಸಿದೆ. ಮೈದುನ ನಡುನಡುವೆ ತಲೆಯಾಡಿಸಿದ. ಅವರು ಪೂರ್ತಿ ಕೇಳಿದರು, ಅದೊಂದು ಒಳ್ಳೆಯ ಗುಣ ಅವರದು. ಕೇಳಿ ಒಂದು ಕಾಗದದ ಮೇಲೆ ಐದು ಪ್ರಶ್ನೆ ಬರೆದು ನಮ್ಮ ಮುಂದೆ ಇಟ್ಟರು. ಮೌರ್ಯರು, ಸುಲ್ತಾನರು, ಇಂಗ್ಲಿಷರಿಂದಾದ ಲಾಭಗಳು, ಹವಾಮಾನ, ನಕಾಶೆ. ಒಂದಕ್ಕೂ 'ಅಥವಾ' ಇರಲಿಲ್ಲ.

"ಅಥವಾ ಇಲ್ಲಲ್ರಿ" ಎಂದೆ.

"ನಾ ಅಥವಾ ಕೊಡಂಗಿಲ್ಲ."

ನಕಾಶೆಯೊಂದನ್ನು ಬಿಟ್ಟು ಇಬ್ಬರೂ ಬಿಳಿ ಕಾಗದ ಕೊಟ್ಟೆವು. ಅವರಿಗೆ ಗೆದ್ದ ಖುಷಿ. ಆದರೂ ನಾನು, ನಿಮ್ಮ ಶಾಲೆಯಲ್ಲಿ ಹಳೆಯ ವರ್ಷಗಳ ಪತ್ರಿಕೆಗಳಿದ್ದರೆ ತಂದು ನೋಡಿರಿ, ನಾನು ಹೇಳಿದ್ದು ಸುಳ್ಳಾದರೆ ಆರ್ಯರಿಂದ ಶುರು ಮಾಡುತ್ತೇನೆ ಎಂದೆ. ಮುಂದಿನ ಶನಿವಾರ ಅವರು ಮೂಡಲಗಿಯಿಂದ ಆರು ವರ್ಷಗಳ ಪತ್ರಿಕೆ ತಂದರು. ಚಹಾ ಕುಡಿಯುತ್ತ ಒಂದೊಂದನ್ನೇ ನಮ್ಮ ಮುಂದೆ ಇಟ್ಟರು. ಆರರಲ್ಲೂ ಅದೇ ಕಟ್ಟು. ದಾರಿಯಲ್ಲೇ ನೋಡಿಕೊಂಡು ಬಂದಿದ್ದರು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು.

"ನೀ ಹೇಳಿದ್ದು ಖರೆ ಐತಿ" ಎಂದರು. ಆಮೇಲೆ ಚಹಾದ ಬಸಿಯನ್ನು ಕೆಳಗಿಟ್ಟು, "ಆದ್ರ ಇದು ಪಾಸಾಗೂದು. ಓದೂದಲ್ಲ."

ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಇನ್ನೊಂದು ಬಸಿ ಚಹಾ ಕೊಟ್ಟೆ. ಅಂದಿನಿಂದ ಅವರು ಕಾಟು ಹಾಕಿದ ಪಾಠಗಳ ಕಡೆ ಬರಲಿಲ್ಲ. ಗೀಟು ಹಾಕಿದ್ದನ್ನು ಮಾತ್ರ ಕೇಳುತ್ತಿದ್ದರು, ಅದೂ ನಮ್ಮ ಕಡೆ ನೋಡದೆ, ಹೊರಗಿನ ಕಟ್ಟೆಯ ಕಡೆ ಮುಖ ಮಾಡಿ. ಎರಡು ತಿಂಗಳಲ್ಲಿ ನಾನು ಗುಪ್ತರ ಮನೆಯ ಸೊಸೆಯ ಹಾಗೆ ಆಗಿಬಿಟ್ಟೆ. ಯಾರಿಗೆ ಯಾರು ಮಗ, ಯಾರು ಯಾವ ಯುದ್ಧಕ್ಕೆ ಹೋದ, ಎಲ್ಲ ಗೊತ್ತು. ಮೈದುನನಿಗೆ ಮೊದಮೊದಲು ನಕಾಶೆ ಎಂದರೆ ಜ್ವರ ಬರುತ್ತಿತ್ತು. ತೆಗೆಯುತ್ತ ತೆಗೆಯುತ್ತ ಅದೇ ಅವನಿಗೆ ರುಚಿ ಹತ್ತಿತು. ಹಿಂದೂಸ್ಥಾನದ ಅಂಚನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ತೆಗೆದು, ಗೋಡೆಗೆ ಅಂಟಿಸಿ, ದೂರ ನಿಂತು ನೋಡುತ್ತಿದ್ದ. ಲೆಕ್ಕ ಮಾಡು ಎಂದರೆ ಮಾತ್ರ, "ಅದಕ್ಕ ಆಮ್ಯಾಲ ನೋಡೂಣ್ರಿ" ಎನ್ನುತ್ತಿದ್ದ.

ಪರೀಕ್ಷೆಗೆ ಎರಡು ದಿನ ಮುಂಚೆ ಮೋಟಾರಿನಲ್ಲಿ ಹುಕ್ಕೇರಿಗೆ ಹೋಗಿ ನನ್ನ ತವರಿನಲ್ಲಿ ಇಳಿದೆವು. ಇತಿಹಾಸ-ಭೂಗೋಲದ ದಿನ ಹುಡುಗರನ್ನೆಲ್ಲ ಶಾಲೆಯ ಒಳಗೆ ಕೂರಿಸಿದರು. ಹೆಂಗಸರು ನಾವು ಮೂವರು. ನಮ್ಮನ್ನು ಪಡಸಾಲೆಯಲ್ಲಿ, ಬಂದುಹೋಗುವವರೆಲ್ಲ ನೋಡುವ ಹಾಗೆ ಕೂರಿಸಿದರು. ಎದುರಿಗೆ ಬಾಗಿಲಿನ ಸಂದಿಯಲ್ಲಿ ಮೈದುನನ ಟೊಪ್ಪಿಗೆ ಕಾಣುತ್ತಿತ್ತು.

ಪತ್ರಿಕೆ ಕೈಗೆ ಬಂತು. ಮೊದಲನೆಯ ಪ್ರಶ್ನೆ: ಗುಪ್ತರ ಕಾಲವನ್ನು ಸುವರ್ಣಯುಗವೆನ್ನಲು ಕಾರಣವೇನು? ಅಥವಾ, ಬಾದಾಮಿಯ ಚಾಲುಕ್ಯರ ಏಳಿಗೆಯನ್ನು ವಿವರಿಸಿ.

ನನ್ನ ಎರಡೂ ಗಟ್ಟಿ ಪಾಠಗಳು ಜೋಡಿಯಾಗಿ ಬಂದು ನಿಂತಿದ್ದವು. ಇಂಥ ಕಷ್ಟ ಬಂದೀತೆಂದು ನಾವು ಮುಚ್ಚಳ ಇಟ್ಟು ನೋಡಿದಾಗ ಹೊಳೆದಿರಲೇ ಇಲ್ಲ. ಗುಪ್ತರನ್ನು ಬರೆದೆ. ಮೂರು ಪುಟವಾಯಿತು. ಮುಗಿಸಿ ನೋಡಿದರೆ ಚಾಲುಕ್ಯರು ಹಾಗೇ ಉಳಿದಿದ್ದಾರೆ. ಎರಡು ತಿಂಗಳು ಕಲಿತದ್ದು, ನಮ್ಮ ಕಡೆಯವರು, ಅವರನ್ನು ಹೇಗೆ ಬಿಡುವುದು? ಮೌರ್ಯರನ್ನು ಓದದೆ ಬಿಟ್ಟಾಗ ಒಂದಿಷ್ಟೂ ನೋಯದ ನನಗೆ, ಓದಿದ್ದನ್ನು ಬಿಡಲು ಮನಸ್ಸೇ ಬರಲಿಲ್ಲ. ಗುಪ್ತರಿಗಿಂತ ಇದು ಚೆಂದ ಬರುತ್ತದೆ, ತಪಾಸಣೆ ಮಾಡುವವರು ಎರಡನ್ನೂ ನೋಡಿ ಮೆಚ್ಚಿಯಾರು ಎಂದು ಚಾಲುಕ್ಯರನ್ನೂ ಬರೆದೆ. ಅದೂ ಮೂರು ಪುಟ.

ಎರಡನೆಯದು, ಮೂರನೆಯದು ನಮ್ಮ ಗಟ್ಟಿ ಪಾಠಗಳಲ್ಲೇ ಸಿಕ್ಕವು. ನಾಲ್ಕನೆಯದಕ್ಕೆ ಬಂದರೆ: ಮಳೆಗಾಲದ ಮಾರುತಗಳನ್ನು ವಿವರಿಸಿ, ಅಥವಾ, ನಮ್ಮ ಪ್ರಾಂತದ ಕೈಗಾರಿಕೆಗಳನ್ನು ವಿವರಿಸಿ. ಬಿಟ್ಟದ್ದೂ ಕಣ್ಣಾಡಿಸಿದ್ದೂ. ಪುಸ್ತಕದ ನಾಲ್ಕು ಮಾತು ಬರೆದು ಮುಗಿಸಿದೆ, ಅರ್ಧ ಪುಟವೂ ತುಂಬಲಿಲ್ಲ. ಆಗ ಗೋಕಾಕದಲ್ಲಿ ನಮ್ಮ ಓಣಿಯ ಹಿಂದೆ ಕಟ್ಟಿಗೆಯ ಹಣ್ಣು ಮಾಡುವವರ ಮನೆ ನೆನಪಾಯಿತು. ಹಗುರ ಕಟ್ಟಿಗೆಯನ್ನು ಕೆತ್ತಿ, ಬಣ್ಣ ಹಚ್ಚಿ, ಸೀತಾಫಲ, ಬಾಳೆಹಣ್ಣು ಮಾಡಿ ಬಿಸಿಲಿಗೆ ಇಡುತ್ತಿದ್ದರು. ಅಂಥ ಒಂದನ್ನು ನಿಜದ ಹಣ್ಣೆಂದು ಅವರ ಮನೆಯ ಆಡು ಒಮ್ಮೆ ಕಡಿದು ಉಗುಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ.

ತಲೆ ಎತ್ತಿದಾಗ ಮೇಲ್ವಿಚಾರಣೆಯ ಮಾಸ್ತರರು, "ಹತ್ತ ಮಿನಿಟ ಉಳದಾವು" ಎನ್ನುತ್ತ ಬಂದರು. ನಕಾಶೆ ಇನ್ನೂ ಮುಟ್ಟಿರಲಿಲ್ಲ.

ಹತ್ತು ಮಿನಿಟಿನಲ್ಲಿ ನಾನು ತೆಗೆದ ಹಿಂದೂಸ್ಥಾನ ಸೋರೆಕಾಯಿಯ ಹಾಗಿತ್ತು. ಪತ್ರಿಕೆಯಲ್ಲಿ ಐದು ನದಿ ತೋರಿಸಲು ಹೇಳಿದ್ದರು, ಅದರಲ್ಲಿ ಘಟಪ್ರಭೆಯೂ ಒಂದು. ಆರು ವರ್ಷ ದಿನಾ ಅದರ ನೀರಿನಲ್ಲಿ ಬಟ್ಟೆ ಒಗೆದವಳು, ಗಡಿಬಿಡಿಯಲ್ಲಿ ಅದನ್ನು ಪಶ್ಚಿಮಕ್ಕೆ ತಿರುಗಿಸಿ ಅರಬ್ಬೀ ಸಮುದ್ರಕ್ಕೆ ಕೂಡಿಸಿಬಿಟ್ಟೆ. ಗಂಟೆ ಬಡಿಯಿತು.

ಹೊರಗೆ ಬೇವಿನ ಮರದ ಕೆಳಗೆ ಮೈದುನ ನಗುತ್ತ ನಿಂತಿದ್ದ. ನಕಾಶೆ ಬಹಳ ಚೆಂದ ಬಂದಿದೆ, ಮೇಲ್ವಿಚಾರಣೆಯವರೇ ನಿಂತು ನೋಡಿದರು ಎಂದ. ನಂತರ, "ಗುಪ್ತರೋ ಚಾಲುಕ್ಯರೋ, ಯಾರನ್ನ ಹಿಡದ್ರಿ?" ಎಂದು ಕೇಳಿದ.

"ಎರಡೂ."

ಅವನು ನಗು ನಿಲ್ಲಿಸಿದ. "ವೈನಿ, ನಡುವ ಅಥವಾ ಇತ್ತಲ್ರಿ."

"ಇತ್ತು."

"ಒಂದಕ್ಕಷ್ಟೇ ಗುಣಾ ಹಾಕ್ತಾರ. ನೀವ ನನಗ ಹೇಳಿದ್ರಿ."

ನಾನೇ ಹೇಳಿದ್ದೆ. ತವರಿನ ಮನೆ ಮುಟ್ಟುವವರೆಗೆ ಅವನು ನನ್ನ ಮಸಿಕುಡಿಕೆಯನ್ನೂ ತಾನೇ ಹಿಡಿದು ನಡೆದ. ಎರಡು ಸಲ ನಪಾಸಾದವನು ನನ್ನ ಮೇಲೆ ಮರುಕಪಟ್ಟದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ಗೋಕಾಕಕ್ಕೆ ಬಂದು ಗಂಡನಿಗೆ ಎಲ್ಲ ಹೇಳಿದೆ, ಘಟಪ್ರಭೆಯ ಸುದ್ದಿಯನ್ನೂ ಬಿಡದೆ. ಬಯ್ಯುತ್ತಾರೆಂದುಕೊಂಡಿದ್ದೆ. ಅವರು ಕೇಳಿ ಕೇಳಿ, ಚಾಲುಕ್ಯರ ಬಗ್ಗೆ ಏನೇನು ಬರೆದೆ ಎಂದು ಕೇಳಿದರು. ಹೇಳಿದೆ. ಪೂರ್ತಿ ಮೂರು ಪುಟ ಬಾಯಲ್ಲಿ ಹೇಳಿದೆ. ಅವರ ಮುಖ ಅರಳಿತು.

"ಯಾರೂ ಕೇಳದ ಬರದೀ ಅಂದ್ರ ನೀ ಖರೇನ ಓದೀದಿ" ಎಂದರು.

"ನಪಾಸಾದ್ರ?"

"ಆದ್ರ ಆತು" ಎಂದರು. ಅವರಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅದನ್ನು ಕಂಡು ನನಗೆ ಅಳು ಬಂತು.

ಫಲಿತಾಂಶ ಬರಲು ಒಂದು ಬೇಸಿಗೆ ಹಿಡಿಯಿತು. ನಾನು ಪಾಸಾಗಿದ್ದೆ. ಇತಿಹಾಸ-ಭೂಗೋಲದಲ್ಲಿ ಮೂವತ್ತೇಳು. ಮೈದುನನಿಗೆ ಅದೇ ಪತ್ರಿಕೆಯಲ್ಲಿ ಐವತ್ತಾರು ಬಂದಿತ್ತು. ಆದರೆ ಅವನು ಲೆಕ್ಕದಲ್ಲಿ ನಪಾಸಾಗಿದ್ದ. ಲೆಕ್ಕದ ಪತ್ರಿಕೆಯಲ್ಲಿ 'ಅಥವಾ' ಇರಲಿಲ್ಲ. ಅತ್ತೆ ಇಬ್ಬರಿಗೂ ಒಂದೇ ಅಳತೆಯ ಸಕ್ಕರೆ ಕೊಟ್ಟರು. ಅವರಿಗೆ ಪಾಸು ನಪಾಸುಗಳಲ್ಲಿ ಅಷ್ಟು ಭೇದ ಕಾಣುತ್ತಿರಲಿಲ್ಲ, ಇಬ್ಬರೂ ಮನೆಗೆ ಬಂದಿದ್ದೆವಲ್ಲ.

ಮೈದುನ ನಾಲ್ಕನೆಯ ಸಲ ಕೂರಲಿಲ್ಲ. ಹೊಲ ಅಳೆಯಲು ಬಂದ ಮೋಜಣಿಯವರಿಗೆ ಅವನು ತೆಗೆದ ನಕಾಶೆಗಳನ್ನು ತೋರಿಸಿದನಂತೆ. ಅವರು ಸರಪಳಿ ಹಿಡಿಯಲು ಕರೆದುಕೊಂಡರು, ಮುಂದೆ ಕಾಗದದ ಮೇಲೆ ಗೆರೆ ಎಳೆಯುವ ಕೆಲಸವೂ ಅವನ ಪಾಲಿಗೆ ಬಂತು. ಯಮಕನಮರಡಿಯ ಕಡೆ, ಮಮದಾಪುರದ ಕಡೆ, ತಿಂಗಳುಗಟ್ಟಲೆ ಹೊಲ ಹೊಲ ತಿರುಗಿ ಕರ್ರಗೆ ಆಗಿ ಬರುತ್ತಿದ್ದ. ಅಷ್ಟು ಖುಷಿಯಾಗಿ ಅವನನ್ನು ನಾನು ಮೊದಲು ಕಂಡಿರಲಿಲ್ಲ.

ನನಗೆ ಮೂಡಲಗಿಯ ಹೆಣ್ಣುಮಕ್ಕಳ ಶಾಲೆಯ ಹುಕುಂ ಬಂತು, ನಾನೂ ಗಂಡನಿದ್ದ ಬಾಡಿಗೆ ಮನೆಗೆ ಹೋದೆ. ಮುದುಕ ಮಾಸ್ತರರು ಕುರ್ಚಿಯನ್ನು ಒರೆಸಿ ಬಿಟ್ಟುಕೊಟ್ಟರು. ಮೊದಲ ದಿನ ನಾನೂ ನನ್ನ ಗಂಡನೂ ಒಂದೇ ಹೊತ್ತಿಗೆ ಮನೆ ಬಿಟ್ಟೆವು. ಅವರ ಶಾಲೆಯ ಇನ್ನೊಬ್ಬ ಮಾಸ್ತರರು ಎದುರಾಗಿ, ನನ್ನನ್ನು ತೋರಿಸಿ, ಬಾಯಿಯವರಿಗೆ ಎಷ್ಟು ಗುಣ ಬಂದವು ಎಂದು ಕೇಳಿದರು. "ಪಾಸಾಗ್ಯಾಳರಿ" ಎಂದರು ನನ್ನ ಗಂಡ, ಮೂವತ್ತೇಳನ್ನು ನುಂಗಿ. ಶಾಲೆಯ ಬಾಗಿಲಲ್ಲಿ ಅವರು ತಮ್ಮ ದಾರಿಗೆ ತಿರುಗುವ ಮೊದಲು ನಿಂತು, "ಹುಡಿಗ್ಯಾರಿಗೆ ಮಾತ್ರ ಎಲ್ಲಾ ಪಾಠ ಕಲಸು" ಎಂದರು.

"ಹೂಂ ರಿ" ಎಂದು ಒಳಗೆ ಹೋದೆ. ಹದಿನೇಳು ಹುಡುಗಿಯರು ಎದ್ದು ನಿಂತರು.